ರೆಫರೆನ್ಸ್ ಹಾಡಿನ ಜತೆ ನಮ್ಮ ಮಿಕ್ಸ್ ಹೋಲಿಸುವಾಗ ಮೊದಲು ಸದ್ದು ಸಮ ಇರಲಿ

ಜಮಖಂಡಿಯ ನಮ್ಮ ಮನೆಯ ಮಹಡಿ ಮೇಲೆ ಅಕ್ಕನ ಹಾಡೊಂದನ್ನು ಮಿಕ್ಸ್ ಮಾಡುತ್ತಿದ್ದೇನೆ. ಅಕ್ಕನ ದನಿ, ಹಾರ್ಮೋನಿಯಂ ಪೇಟಿ, ಡೊಳ್ಳು, ತಾಳ, ಕೀಬೋರ್ಡಿನ ಬೇಸ್, ಕೋರಸ್‌ಗೆ ನಾಲ್ಕು ಜನ. ಹತ್ತು ದಿನ ಒದ್ದಾಡಿದ ಮೇಲೆ ರೆಫರೆನ್ಸ್ ಟ್ರ್ಯಾಕ್, ಅಂದರೆ ಹೋಲಿಸಿ ನೋಡಲು ಇಟ್ಟುಕೊಳ್ಳುವ ಬೇರೆಯವರ ಸಿದ್ಧ ಹಾಡನ್ನು ಬಳಸುವ ಕ್ರಮ ಕೈಗೆ ಹತ್ತಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಮಿಕ್ಸಿಂಗ್ ಕಲಿಯುವ ಇನ್ನೊಬ್ಬರಿಗೂ ಉಪಯೋಗವಾದೀತು.

ರೆಫರೆನ್ಸ್ ಆರಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾದ್ಯಗಳು, ಲಯ, ದನಿಯ ಸ್ಥಾಯಿ ನಮ್ಮ ಹಾಡಿಗೆ ಹತ್ತಿರ ಇರಬೇಕು, ಅಷ್ಟೇ. ಫೈಲ್ ಮಾತ್ರ ಚಲೋದಿರಲಿ. ಮೊಬೈಲಿನಿಂದ ಮೊಬೈಲಿಗೆ ದಾಟಿ ಬಂದ 128 kbps ಎಂಪಿತ್ರೀಯಲ್ಲಿ ಸುಮಾರು 16 kHz ಮೇಲಿನದನ್ನು ಕತ್ತರಿಸಿರುತ್ತಾರೆ. ಅಂಥದನ್ನು ಇಟ್ಟುಕೊಂಡು ತಾಳದ ಹೊಳಪು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕೊಂಡ WAV ಅಥವಾ FLAC ಇದ್ದರೆ ಒಳ್ಳೆಯದು.

ದಾರಿ ಬೇರೆ ಮಾಡುವುದು

ನನ್ನ ಮಾಸ್ಟರ್ ಮೇಲೆ ಒಂದು ಲಿಮಿಟರ್, ಒಂದು ಈಕ್ಯೂ ಇದ್ದವು. ರೆಫರೆನ್ಸ್ ಹಾಡನ್ನು ಇನ್ನೊಂದು ಟ್ರ್ಯಾಕ್ ಎಂದು ಎಳೆದು ಹಾಕಿದ್ದರಿಂದ ಅದೂ ಅವೆರಡರ ಮೂಲಕವೇ ಹಾಯುತ್ತಿತ್ತು. ಒಮ್ಮೆ ಮಾಸ್ಟರಿಂಗ್ ಆಗಿ ಬಂದ ಹಾಡನ್ನು ನಾನು ಮತ್ತೊಮ್ಮೆ ಹಿಂಡುತ್ತಿದ್ದೆ. ಈಗ ನನ್ನ ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ, ಲಿಮಿಟರ್ ಮತ್ತು ಈಕ್ಯೂವನ್ನು ಆ ಫೋಲ್ಡರಿನ ಮೇಲೆ ಇಟ್ಟಿದ್ದೇನೆ. ರೆಫರೆನ್ಸ್ ಫೋಲ್ಡರಿನ ಹೊರಗೆ. ಮಾಸ್ಟರ್ ಮೇಲೆ ಸದ್ದಿನ ಮೀಟರ್ ಮತ್ತು ಮೊನೊ ಬಟನ್ ಬಿಟ್ಟು ಏನೂ ಇಲ್ಲ. ಫೋಲ್ಡರ್ ಸೋಲೋ ಮಾಡಿದರೆ ನನ್ನ ಹಾಡು, ರೆಫರೆನ್ಸ್ ಸೋಲೋ ಮಾಡಿದರೆ ಅದು, ಎರಡಕ್ಕೂ ಮೀಟರ್ ಒಂದೇ. ರೀಪರ್‌ನಲ್ಲಿ ನಾನು ಹೀಗೆ ಮಾಡಿದೆ, ಬೇರೆ ಸಾಫ್ಟ್‌ವೇರ್‌ಗಳಲ್ಲಿಯೂ ಗ್ರೂಪ್ ಅಥವಾ ಬಸ್ ಮಾಡಿ ಇದನ್ನೇ ಮಾಡಬಹುದು.

ಸದ್ದು ಸಮ ಮಾಡುವುದು: ನಾನು ಎಡವಿದ ಜಾಗ

ಸದ್ದು ಜಾಸ್ತಿಯಾದಂತೆ ನಮ್ಮ ಕಿವಿಗೆ ಬೇಸ್ ತುಂಬಿದಂತೆ, ಮೇಲಿನ ಹೊಳಪು ಬಂದಂತೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಮಾಸ್ಟರಿಂಗ್ ಆದ ಹಾಡು ಹೇಗೂ ನಮ್ಮ ಮಿಕ್ಸಿಗಿಂತ ಎಷ್ಟೋ ಜೋರು. ಸಮ ಮಾಡದೆ ಹೋಲಿಸಿದ ನನಗೆ ನನ್ನ ಹಾಡು ಬಡಕಲಾಗಿ, ಮಂಕಾಗಿ ಕೇಳಿತು. 80 Hz ಹತ್ತಿರ 4 dB ಏರಿಸಿದೆ, 10 kHz ಮೇಲೆ 3 dB ಏರಿಸಿದೆ. ಎರಡೂ ತಪ್ಪು, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಅಳತೆಗೆ LUFS ಎನ್ನುವ ಮಾನ ಇದೆ. ಯೂಲೀನ್ ಲೌಡ್‌ನೆಸ್ ಮೀಟರಿನ ಉಚಿತ ಆವೃತ್ತಿ ಇದಕ್ಕೆ ಸಾಕು. LUFS ಲೆಕ್ಕದ 1ರ ವ್ಯತ್ಯಾಸ ಅಂದರೆ ಫೇಡರಿನ 1 dB, ಹಾಗಾಗಿ ಕಳೆಯುವ ಲೆಕ್ಕ ಬಂದರೆ ಆಯಿತು. ನಾನು ಎರಡೂ ಹಾಡುಗಳನ್ನು ಮೊದಲಿಂದ ಕೊನೆವರೆಗೆ ಬಾರಿಸಿ `Integrated` ಅಂಕಿ ಬರೆದುಕೊಂಡೆ. ರೆಫರೆನ್ಸ್ −9.6, ನನ್ನದು −20.1. ವ್ಯತ್ಯಾಸ 10.5. ರೆಫರೆನ್ಸ್ ಫೇಡರನ್ನು 10.5 dB ಇಳಿಸಿ ಪಲ್ಲವಿ ಕೇಳಿದರೆ ನನ್ನ ಹಾಡೇ ಎದ್ದು ನಿಂತಿತು! ಎರಡು ದಿನ ಅದೇ ಖುಷಿಯಲ್ಲಿದ್ದೆ.

ತಪ್ಪು ಎಲ್ಲಿತ್ತೆಂದರೆ, ನನ್ನ ಹಾಡು ಆಲಾಪದಿಂದ ಶುರುವಾಗುತ್ತದೆ, ನಡುವೆ ಬರೀ ಪೇಟಿ ಮೇಲೆ ಒಂದು ನುಡಿ ಇದೆ. ಆ ಮೆಲ್ಲನೆಯ ಭಾಗಗಳು ಇಡೀ ಹಾಡಿನ ಸರಾಸರಿಯನ್ನು ಕೆಳಗೆ ಎಳೆದಿದ್ದವು. ರೆಫರೆನ್ಸ್ ಮೊದಲ ಪೆಟ್ಟಿನಿಂದಲೇ ತುಂಬಿಕೊಂಡು ನುಡಿಸುವ ಹಾಡು. ಆಲಾಪ ಸೇರಿದ ಸರಾಸರಿಯನ್ನು ಆಲಾಪ ಇಲ್ಲದ ಹಾಡಿನ ಸರಾಸರಿಯಿಂದ ಕಳೆದು, ಬಂದ ಉತ್ತರವನ್ನು ಪಲ್ಲವಿಗೆ ಹಚ್ಚಿದ್ದೆ.

ಈ ಸಲ ಪಲ್ಲವಿಯನ್ನಷ್ಟೇ ಲೂಪ್ ಮಾಡಿದೆ, ರೆಫರೆನ್ಸಿನಲ್ಲೂ ಪಲ್ಲವಿಯನ್ನೇ. ಪ್ರತಿ ಸಲ ಮೀಟರ್ ರೀಸೆಟ್ ಮಾಡಿ ಬಾರಿಸಿದೆ. ರೀಸೆಟ್ ಮರೆತರೆ ಹಳೆಯ ಅಂಕಿ ಹೊಸದರ ಜತೆ ಬೆರೆಯುತ್ತದೆ.

```
ರೆಫರೆನ್ಸ್ ಪಲ್ಲವಿ :  -8.8 LUFS
ನನ್ನ ಪಲ್ಲವಿ       : -17.3 LUFS
ವ್ಯತ್ಯಾಸ          :   8.5 dB
ರೆಫರೆನ್ಸ್ ಫೇಡರ್   :  -8.5 dB
```

10.5 ಅಲ್ಲ, 8.5. ಅಂದರೆ ಎರಡು ದಿನ ನನ್ನ ಹಾಡನ್ನು 2 dB ಜೋರಾಗಿ ಇಟ್ಟುಕೊಂಡು ಹೋಲಿಸುತ್ತಿದ್ದೆ. ಇನ್ನೊಂದು ಮಾತು: ಇಳಿಸಬೇಕಾದ್ದು ರೆಫರೆನ್ಸನ್ನೇ. ನಮ್ಮದನ್ನು ಏರಿಸಲು ಹೋದರೆ ಡೊಳ್ಳಿನ ಪೆಟ್ಟು ಲಿಮಿಟರಿಗೆ ಬಡಿದು ಚಪ್ಪಟೆಯಾಗುತ್ತದೆ, ಆಮೇಲೆ ನಾವು ಹೋಲಿಸುವುದು ನಮ್ಮ ಮಿಕ್ಸನ್ನಲ್ಲ, ಲಿಮಿಟರನ್ನು. ಮಿಕ್ಸಿನಲ್ಲಿ ದೊಡ್ಡ ಬದಲಾವಣೆ ಮಾಡಿದಾಗಲೆಲ್ಲ ಮತ್ತೆ ಅಳೆಯಬೇಕು. ನಾನು ಆ 80 Hz, 10 kHz ಏರಿಕೆಗಳನ್ನು ತೆಗೆದ ಕೂಡಲೇ ಪಲ್ಲವಿ −18.0ಕ್ಕೆ ಇಳಿಯಿತು, ರೆಫರೆನ್ಸ್ ಫೇಡರನ್ನು ಇನ್ನೂ 0.7 ಇಳಿಸಿದೆ.

ಮೀಟರ್ ಸಮ ತೋರಿಸಿದ ಮೇಲೂ ರೆಫರೆನ್ಸಿನ ದನಿ ನನಗೆ ಹತ್ತಿರ ಕೇಳುತ್ತಿತ್ತು. ಮೀಟರ್ ಕೆಟ್ಟಿದೆಯೇನೋ ಅಂದುಕೊಂಡೆ. ಮೀಟರ್ ಸರಿಯಾಗಿಯೇ ಇತ್ತು. ಅದು ಒಟ್ಟು ಸದ್ದನ್ನು ತೂಗುತ್ತದೆ, ಆ ಸದ್ದು ಯಾರದ್ದು ಎಂದು ಕೇಳುವುದಿಲ್ಲ. ನನ್ನ ಪಲ್ಲವಿಯ ಒಟ್ಟು ತೂಕದಲ್ಲಿ ಪೇಟಿಯ ಪಾಲು ದೊಡ್ಡದಿತ್ತು, ಅಕ್ಕನ ಪಾಲು ಸಣ್ಣದು. ಈಗ ನಾನು ಇಟ್ಟುಕೊಂಡ ರೂಢಿ ಹೀಗಿದೆ: ಮೀಟರಿನಿಂದ ಸಮ ಮಾಡಿದ ಮೇಲೆ ಎರಡರ ದನಿಗಳನ್ನಷ್ಟೇ ಗಮನಿಸಿ ರೆಫರೆನ್ಸನ್ನು 1 dB ಆಚೀಚೆ ಮಾಡಿ ನೋಡುತ್ತೇನೆ. ಅಷ್ಟರಲ್ಲಿ ದನಿಗಳು ಸರಿಸಮ ನಿಂತರೆ ಸರಿ. 3 dB ಇಳಿಸಿದರೂ ರೆಫರೆನ್ಸಿನ ದನಿಯೇ ಮುಂದಿದ್ದರೆ ಫೇಡರ್ ಮುಟ್ಟುವುದನ್ನು ಬಿಡಬೇಕು. ದನಿ ಹೂತುಹೋಗಿದೆ ಎನ್ನುವ ಉತ್ತರ ಆಗಲೇ ಸಿಕ್ಕಿದೆ.

ಬಣ್ಣ

ಸಮ ಮಾಡಿದ ಮೇಲೆ ಕೇಳಿದರೆ ನನ್ನ ಹಾಡಿಗೆ ಬೇಸ್ ಕಮ್ಮಿ ಇರಲೇ ಇಲ್ಲ, ಹೆಚ್ಚಾಗಿತ್ತು. ಕೊರತೆ ಇದ್ದದ್ದು ದನಿಯ ಅಕ್ಷರಗಳು ಸ್ಪಷ್ಟವಾಗುವ 2ರಿಂದ 4 kHz ಭಾಗದಲ್ಲಿ. ದನಿಯನ್ನು ಅಲ್ಲಿ ಏರಿಸುವ ಮೊದಲು ಪೇಟಿಯನ್ನು 350 Hz ಸುತ್ತ ಅಗಲವಾಗಿ 3 dB ಇಳಿಸಿದೆ, ಅಕ್ಕನ ಫೇಡರನ್ನು 1.5 dB ಏರಿಸಿದೆ. ಏರಿಸಬೇಕೆಂದಿದ್ದ ಈಕ್ಯೂ ಬೇಕಾಗಲೇ ಇಲ್ಲ.

ಬೇಸ್ ಹೋಲಿಸಲು ನಾನು ಮಾಸ್ಟರ್ ಮೇಲೆ ತಾತ್ಕಾಲಿಕವಾಗಿ ಒಂದು ಲೋ ಪಾಸ್ ಫಿಲ್ಟರ್ ಹಾಕಿ 120 Hz ಕೆಳಗಿನದನ್ನು ಮಾತ್ರ ಕೇಳುತ್ತೇನೆ, ಹೆಡ್‌ಫೋನಿನಲ್ಲಿ. ರೆಫರೆನ್ಸಿನಲ್ಲಿ ಪೆಟ್ಟು ಬಿದ್ದು ತಟ್ಟನೆ ನಿಲ್ಲುತ್ತಿತ್ತು, ಎರಡು ಪೆಟ್ಟುಗಳ ನಡುವೆ ಬೇಸಿಗೆ ಜಾಗ ಇತ್ತು. ನನ್ನದರಲ್ಲಿ ಡೊಳ್ಳಿನ ಗುಂಯ್ ಎನ್ನುವ ಬಾಲ ಮುಂದಿನ ಪೆಟ್ಟಿನ ತನಕ ಎಳೆಯುತ್ತಿತ್ತು. ಸ್ಪೆಕ್ಟ್ರಮ್ ನೋಡಿದರೆ ಎರಡರ ಎತ್ತರವೂ ಹೆಚ್ಚುಕಮ್ಮಿ ಒಂದೇ. ಎತ್ತರ ಒಂದೇ ಇದ್ದರೂ ಉದ್ದ ಬೇರೆ, ಸರಾಸರಿ ತೋರಿಸುವ ಗೆರೆಯಲ್ಲಿ ಇದು ಕಾಣುವುದಿಲ್ಲ. ಈಕ್ಯೂ ಮುಟ್ಟದೆ ಡೊಳ್ಳಿನ ಮೇಲೆ ಎಕ್ಸ್‌ಪ್ಯಾಂಡರ್ ಹಾಕಿ ಬಾಲವನ್ನು ಮೊಟಕು ಮಾಡಿದೆ. ಬೇಸ್ ನೋಟುಗಳು ಆಗ ಬಿಡಿಬಿಡಿಯಾಗಿ ಕೇಳಿದವು.

ಅಗಲ

ಪೇಟಿ ಒಂದೇ ಮೈಕಿನ ರೆಕಾರ್ಡಿಂಗ್. ರೆಫರೆನ್ಸ್ ಅಗಲವಾಗಿ ಕೇಳುತ್ತದೆಂದು ಪೇಟಿ ಟ್ರ್ಯಾಕಿನ ಒಂದು ನಕಲು ಪ್ರತಿ ಮಾಡಿ, 15 ಮಿಲಿಸೆಕೆಂಡ್ ತಡಮಾಡಿ ಬಲಕ್ಕೆ ಹಾಕಿದ್ದೆ, ಮೂಲ ಎಡಕ್ಕೆ. ಹೆಡ್‌ಫೋನಿನಲ್ಲಿ ಬಹಳ ಚಂದ ಕೇಳಿತು. ಹಾಡನ್ನು ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹಚ್ಚಿಸಿ ರಸ್ತೆ ಬದಿ ನಿಂತು ಕೇಳಿದಾಗ ಕಾಕಾ ಅಂದರು, "ತಮ್ಮಾ, ಪೇಟಿ ಯಾಕೋ ಟೊಳ್ಳ ಅನಸತೇತಿ ನೋಡು." ಮನೆಗೆ ಬಂದು ಮೊನೊ ಬಟನ್ ಒತ್ತಿದೆ, ಅದೇ ಟೊಳ್ಳು ದನಿ.

ಅಕ್ಕ ಹಾಡುವುದು ನಮ್ಮ ಕಡೆ ಕಾಳಿ ಪಾಂಚ್ ಅನ್ನುವ ಕಪ್ಪು ಐದನೇ ಪಟ್ಟಿಯಲ್ಲಿ, ಅವಳ ಷಡ್ಜ ಸುಮಾರು 233 Hz. 15 ಮಿಲಿಸೆಕೆಂಡಿನಲ್ಲಿ ಆ ಅಲೆ ಮೂರೂವರೆ ಸುತ್ತು ಸುತ್ತುತ್ತದೆ. ಆ 'ಅರೆ' ಸುತ್ತೇ ಕಾರಣ. ಎಡ ಬಲ ಕೂಡಿಸಿದಾಗ ಒಂದು ಮೇಲೆ ಹೋಗುವ ಹೊತ್ತಿಗೆ ಇನ್ನೊಂದು ಕೆಳಗೆ ಹೋಗುತ್ತಿರುತ್ತದೆ, ಎರಡೂ ಒಂದನ್ನೊಂದು ಅಳಿಸುತ್ತವೆ. ಅದರ ಎರಡರಷ್ಟಾದ 466 Hz ಪೂರ್ತಿ ಏಳು ಸುತ್ತು ಸುತ್ತುವುದರಿಂದ ಉಳಿಯುತ್ತದೆ, ಮೂರರಷ್ಟಾದ 700 Hz ಹತ್ತೂವರೆ ಸುತ್ತಿಗೆ ಮತ್ತೆ ಅಳಿಯುತ್ತದೆ. ಹೀಗೆ ಷಡ್ಜದ ಬುಡವೇ ಹೋಗಿ ಒಂದು ಸಪ್ತಕ ಮೇಲಿನ ತೆಳು ದನಿ ಮಾತ್ರ ಉಳಿದಿತ್ತು. ಹಾಡು ಬಂದು ನಿಲ್ಲುವ ಸ್ವರವೇ ಅದು, ಹಾಗಾಗಿ ನಷ್ಟ ಅಷ್ಟು ಎದ್ದು ಕೇಳಿತು.

ಇದನ್ನು ಹಿಡಿಯಲು ಮೊನೊ ಪರೀಕ್ಷೆಯ ಜತೆ ಸೈಡ್ ಮಾತ್ರ ಕೇಳುವುದನ್ನೂ ಮಾಡುತ್ತೇನೆ. ಮಾಸ್ಟರಿನಲ್ಲಿ ಬಲ ಚಾನೆಲ್‌ನ ಪೋಲಾರಿಟಿ ತಿರುಗಿಸಿ ಮೊನೊ ಮಾಡಿದರೆ ಎರಡೂ ಕಡೆ ಸಮನಾಗಿರುವುದೆಲ್ಲ ಮಾಯವಾಗಿ, ಎಡ ಬಲಕ್ಕೆ ಬೇರೆ ಬೇರೆ ಇರುವುದು ಮಾತ್ರ ಉಳಿಯುತ್ತದೆ. ರೆಫರೆನ್ಸಿನಲ್ಲಿ ಹಾಗೆ ಕೇಳಿದರೆ ಕೋರಸ್, ಚಪ್ಪಾಳೆ, ದನಿಯ ರಿವರ್ಬ್ ಸಿಕ್ಕವು, ಮುಖ್ಯ ದನಿ ಮತ್ತು ಪೆಟ್ಟು ಇಲ್ಲವೆನ್ನುವಷ್ಟು ಕಡಿಮೆ. ನನ್ನದರಲ್ಲಿ ಷಡ್ಜ ಮೊನೊದಲ್ಲಿದ್ದದ್ದಕ್ಕಿಂತ ಸೈಡಿನಲ್ಲೇ ಗಟ್ಟಿಯಾಗಿ, ತುಂಬಿಕೊಂಡು ಕೇಳಿತು. ಮೊನೊದಲ್ಲಿ ತೆಳುವಾದ ಸ್ವರ ಸೈಡಿನಲ್ಲಿ ದಪ್ಪಗೆ ಸಿಕ್ಕರೆ ಆ ಅಗಲ ಕಳ್ಳ ಅಗಲ ಎಂದು ಈಗ ಗುರುತಿಸುತ್ತೇನೆ.

ರೆಫರೆನ್ಸಿನ ಅಗಲ ಬಂದದ್ದು ಬೇರೆ ಬೇರೆಯಾಗಿ ಹಾಡಿದ ಕೋರಸ್‌ನಿಂದ. ನಾನೂ ತಡಮಾಡಿದ ಪ್ರತಿಯನ್ನು ಅಳಿಸಿ, ಪೇಟಿಯನ್ನು ಸ್ವಲ್ಪ ಎಡಕ್ಕೆ, ತಾಳವನ್ನು ಅಷ್ಟೇ ಬಲಕ್ಕೆ ಸರಿಸಿದೆ. ಕೋರಸ್‌ನ ನಾಲ್ವರಿಂದ ಎರಡನೇ ಸಲ ಹಾಡಿಸಿಕೊಂಡು ಒಂದು ಟೇಕ್ ಎಡಕ್ಕೆ, ಇನ್ನೊಂದು ಬಲಕ್ಕೆ ಇಟ್ಟೆ. ಎರಡು ಸಲ ಹಾಡಿದ ದನಿಗಳಲ್ಲಿ ಉಸಿರು, ಎಳೆತ ಒಂದೇ ತರ ಇರುವುದಿಲ್ಲ, ಹಾಗಾಗಿ ಕೂಡಿಸಿದರೂ ಮೊದಲಿನ ಹಾಗೆ ಅಳಿಸಿ ಹೋಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ರೆಫರೆನ್ಸನ್ನು ಬೆನ್ನಟ್ಟುವುದನ್ನು ಬಿಟ್ಟಿದ್ದೇನೆ. ಸಮ ಸದ್ದಿನಲ್ಲಿ ನನ್ನ ಡೊಳ್ಳಿನ ಪೆಟ್ಟು ಅದಕ್ಕಿಂತ ಚೂಪಾಗಿ ಎದ್ದು ಕೇಳುತ್ತದೆ. ಆ ಹಾಡಿನ ಸದ್ದನ್ನು −8.8ಕ್ಕೆ ತರಲು ಮಾಸ್ಟರಿಂಗಿನಲ್ಲಿ ಅದರ ಪೆಟ್ಟುಗಳನ್ನು ಆಗಲೇ ತಗ್ಗಿಸಿದ್ದಾರೆ, ನನ್ನ ಹಾಡಿಗೆ ಆ ಹಂತ ಇನ್ನೂ ಬಂದಿಲ್ಲ. ಡೊಳ್ಳನ್ನು ಹಾಗೆಯೇ ಬಿಟ್ಟು ಎರಡನೇ ನುಡಿಗೆ ಹೊರಟಿದ್ದೇನೆ. ಅದು ಬರೀ ಪೇಟಿ ಮೇಲಿನ ನುಡಿ, ಅದನ್ನು ರೆಫರೆನ್ಸಿನ ಪಲ್ಲವಿಯ ಜತೆ ಹೋಲಿಸಲಾಗದು. ಅದಕ್ಕೆ ದನಿ ಮತ್ತು ಪೇಟಿ ಮಾತ್ರ ಇರುವ ಬೇರೆ ಹಾಡು ಹುಡುಕಬೇಕು.