ಟ್ರಸ್ಟಿ ಕೆಲಸಕ್ಕೆ ರಾಜೀನಾಮೆ: ಪತ್ರ ಕಳಿಸಿದರೆ ಬಿಡುಗಡೆಯೇ?

ಪ್ರಶ್ನೆ: ನಮ್ಮ ಭಾವ ವಿಲ್ ಬರೆದು ಮೈಸೂರಿನ ಮನೆಯನ್ನು ಟ್ರಸ್ಟ್ ಮಾಡಿ ಹೋಗಿದ್ದಾರೆ. ಬಾಡಿಗೆ ಹಣ ಅಕ್ಕನಿಗೆ, ಅವಳ ಮಗಳಿಗೆ, 14 ವರ್ಷದ ಮೊಮ್ಮಗನಿಗೆ. ಮೂವರು ಟ್ರಸ್ಟಿಗಳಲ್ಲಿ ನಾನೂ ಒಬ್ಬ. ಆರು ವರ್ಷ ನೋಡಿಕೊಂಡೆ, ಈಗ ಮೈಯಲ್ಲಿ ಹುಷಾರಿಲ್ಲ, ಕಿರಿಕಿರಿಯೂ ಸಾಕಾಗಿದೆ. ಎಲ್ಲರಿಗೂ ರಾಜೀನಾಮೆಯನ್ನು ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದ್ದೇನೆ. ಉಳಿದಿಬ್ಬರು ಟ್ರಸ್ಟಿಗಳು ಒಪ್ಪಿ ಸಹಿಯನ್ನೂ ಹಾಕಿದ್ದಾರೆ. ನನ್ನ ಜವಾಬ್ದಾರಿ ಮುಗಿಯಿತಲ್ಲವೇ?

ಉತ್ತರ: ಮುಗಿದಿಲ್ಲ. ಈ ಪ್ರಶ್ನೆ ತಿಂಗಳಿಗೊಂದಾದರೂ ಬರುತ್ತದೆ. ಪೋಸ್ಟಿನ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ ಎಂಬ ಮಾತೂ ತಪ್ಪದೆ ಜೊತೆಗಿರುತ್ತದೆ. ರಸೀದಿಯಿಂದ ಪತ್ರ ಕಳಿಸಿದ್ದು ಗೊತ್ತಾಗುತ್ತದೆ, ಅಷ್ಟೇ.

ಇದು ನೌಕರಿಯಲ್ಲ. ನೌಕರಿಯಲ್ಲಿ ರಾಜೀನಾಮೆ ಒಪ್ಪಿಕೊಳ್ಳಲು ಮಾಲೀಕ ಇರುತ್ತಾನೆ. ನಿಮ್ಮ ಜೊತೆಗಿನ ಟ್ರಸ್ಟಿಗಳು ನಿಮ್ಮ ಮಾಲೀಕರಲ್ಲ, ನಿಮ್ಮಂತೆಯೇ ನೊಗ ಹೊತ್ತವರು. ಅವರು ಮೀಟಿಂಗ್ ಮಾಡಿ, ನಡಾವಳಿ ಬರೆದು, ಹಾರ ಹಾಕಿ ಕಳಿಸಿದರೂ ಕಾನೂನಿನ ಕಣ್ಣಲ್ಲಿ ನೀವಿನ್ನೂ ಟ್ರಸ್ಟಿ. ಭಾರತೀಯ ಟ್ರಸ್ಟ್ ಕಾಯ್ದೆ, 1882ರ 46ನೇ ಕಲಮು ಒಮ್ಮೆ ಒಪ್ಪಿಕೊಂಡ ಟ್ರಸ್ಟಿಗೆ ಮೂರೇ ದಾರಿ ಬಿಟ್ಟಿದೆ: ಟ್ರಸ್ಟ್ ಪತ್ರದಲ್ಲೇ (ನಿಮಗೆ ಅದು ವಿಲ್) ಬಿಡುವ ಅಧಿಕಾರ ಕೊಟ್ಟಿರಬೇಕು, ಇಲ್ಲವೇ ಫಲಾನುಭವಿಗಳು ಒಪ್ಪಬೇಕು, ಇಲ್ಲವೇ ಕೋರ್ಟ್ ಅನುಮತಿ ಬೇಕು. ಜೊತೆ ಟ್ರಸ್ಟಿಗಳ ಒಪ್ಪಿಗೆ ಈ ಮೂರರಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಅಕ್ಕನ ಸಹಿ ಸಾಕೇ? ಅದೂ ಸಾಲದು. ಫಲಾನುಭವಿಗಳು ಒಬ್ಬರಿಗಿಂತ ಹೆಚ್ಚಿದ್ದರೆ ಎಲ್ಲರೂ ಒಪ್ಪಬೇಕು, ಎಲ್ಲರೂ ಕರಾರು ಮಾಡಲು ಅರ್ಹರಾಗಿರಬೇಕು ಎನ್ನುತ್ತದೆ 71ನೇ ಕಲಮು. ಮೊಮ್ಮಗನಿಗೆ 18 ತುಂಬಲು ಇನ್ನೂ ನಾಲ್ಕು ವರ್ಷ. ಅವನ ಹೆಸರಿಗೆ ಕಳಿಸಿದ ಲಕೋಟೆಯನ್ನು ಅವನ ಅಮ್ಮ ಸಹಿ ಹಾಕಿ ತೆಗೆದುಕೊಂಡಿರುತ್ತಾರೆ, ಅದನ್ನು ಹುಡುಗನ ಒಪ್ಪಿಗೆ ಎಂದು ನಂಬಿ ಕೂರಬೇಡಿ.

ಇದರಿಂದ ಏನು ತೊಂದರೆ ಎಂದರೆ, ನಾಳೆ ಉಳಿದಿಬ್ಬರು ಬಾಡಿಗೆದಾರರ ಅಡ್ವಾನ್ಸ್ ಹಣವನ್ನು ಸ್ವಂತಕ್ಕೆ ಬಳಸಿಕೊಂಡರು, ವಿಷಯ ನಿಮ್ಮ ಕಿವಿಗೂ ಬಿತ್ತು ಅಂತಿಟ್ಟುಕೊಳ್ಳಿ. ಜೊತೆ ಟ್ರಸ್ಟಿಯ ತಪ್ಪು ಗೊತ್ತಿದ್ದೂ ಸುಮ್ಮನೆ ಕೂತವನನ್ನು 26ನೇ ಕಲಮು ಹೊಣೆ ಮಾಡುತ್ತದೆ. ಆಗ ‘ನಾನು ಬಿಟ್ಟು ಎರಡು ವರ್ಷವಾಯಿತು’ ಎಂದರೆ ಎದುರಿನ ವಕೀಲರು ಕೇಳುವುದು ಒಂದೇ: ಯಾವ ದಾರಿಯಲ್ಲಿ ಬಿಟ್ಟಿರಿ?

ಆದ್ದರಿಂದ ಮೊದಲು ವಿಲ್ ತೆಗೆದು ಓದಿ. ‘ಟ್ರಸ್ಟಿಯು ಇಷ್ಟು ದಿನದ ನೋಟಿಸ್ ಕೊಟ್ಟು ನಿವೃತ್ತನಾಗಬಹುದು’ ಎಂಬಂಥ ಸಾಲು ಸಿಕ್ಕರೆ ನಿಮ್ಮ ಅದೃಷ್ಟ, ಅದರಂತೆ ನಡೆದರಾಯಿತು. ಸಿಗದಿದ್ದರೆ ನಿಮ್ಮ ಸಂದರ್ಭದಲ್ಲಿ ಭದ್ರವಾದ ದಾರಿ ಜಿಲ್ಲಾ ನ್ಯಾಯಾಲಯಕ್ಕೆ 72ನೇ ಕಲಮಿನ ಅರ್ಜಿ. ಕಾರಣ ಸಾಕಷ್ಟಿದೆ ಎನಿಸಿದರೆ ಕೋರ್ಟ್ ಬಿಡುಗಡೆ ಮಾಡಿ, ಖರ್ಚನ್ನು ಟ್ರಸ್ಟ್ ಹಣದಿಂದಲೇ ಕೊಡಿಸಬಹುದು. ಕಾರಣ ಸಾಲದು ಎನಿಸಿದರೆ, ನಿಮ್ಮ ಜಾಗಕ್ಕೆ ತಕ್ಕವರು ಸಿಗುವ ತನಕ ಬಿಡುವುದಿಲ್ಲ. ‘ಕಿರಿಕಿರಿ ಸಾಕಾಗಿದೆ’ ಎಂಬುದನ್ನು ಅರ್ಜಿಯಲ್ಲಿ ಬರೆಯಬೇಡಿ. ಕಾಯಿಲೆಯ ದಾಖಲೆ, ಆರು ವರ್ಷದ ಬಾಡಿಗೆ ಲೆಕ್ಕ, ಟ್ರಸ್ಟಿಯಾಗಲು ಒಪ್ಪಿದವರೊಬ್ಬರ ಹೆಸರು, ಇವಿಷ್ಟನ್ನು ಕೈಯಲ್ಲಿಟ್ಟುಕೊಂಡು ವಕೀಲರ ಬಳಿ ಹೋಗಿ.

ಕಳಿಸಿದ ಪತ್ರ ದಂಡವೇನಲ್ಲ, ಆದರೆ ಅದರ ಮಾತು ಬದಲಾಗಬೇಕು. ‘ಇಂದಿನಿಂದ ನನಗೂ ಟ್ರಸ್ಟ್‌ಗೂ ಸಂಬಂಧವಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು ಎಲ್ಲರಿಗೂ ಇನ್ನೊಂದು ಪತ್ರ ಹಾಕಿ: ‘ಅನಾರೋಗ್ಯದಿಂದ ಬಿಡುಗಡೆ ಕೋರುತ್ತಿದ್ದೇನೆ. ಈವರೆಗಿನ ಲೆಕ್ಕ, ಪಾಸ್‌ಬುಕ್, ಬಾಡಿಗೆ ಕರಾರುಗಳ ಪಟ್ಟಿ ಲಗತ್ತಿಸಿದೆ. ಬಿಡುಗಡೆಯಾಗುವ ತನಕ ನನಗೆ ತಿಳಿಸದೆ ಹೊಸ ಕರಾರು ಮಾಡಬೇಡಿ.’ ಕೊನೆಯ ಸಾಲೇ ಮುಖ್ಯ. ವಿಲ್ ಬೇರೆ ಹೇಳದಿದ್ದರೆ ಟ್ರಸ್ಟಿಗಳೆಲ್ಲ ಕೂಡಿಯೇ ನಡೆಸಬೇಕೆಂಬುದು 48ನೇ ಕಲಮಿನ ನಿಯಮ. ಹಾಗಾಗಿ ಇಬ್ಬರೇ ಸಹಿ ಹಾಕಿದ ಕರಾರು ಅವರಿಗೂ ತಲೆನೋವೇ.

ನೀವು ಕೇಳದ ಒಂದು ಮಾತು. ವಿಲ್‌ನಲ್ಲಿ ನಿಮ್ಮನ್ನು ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡುವವರು, ಎಂದೂ ಬರೆದಿದೆಯೇ? ಬಹಳ ವಿಲ್‌ಗಳಲ್ಲಿ ಎರಡೂ ಒಬ್ಬರೇ. ಎಕ್ಸಿಕ್ಯೂಟರ್ ಆಗಲು ಇಷ್ಟವಿಲ್ಲದವರು, ಆಸ್ತಿಗೆ ಕೈ ಹಾಕುವ ಮುಂಚೆಯೇ, ನ್ಯಾಯಾಧೀಶರೆದುರು ಬಾಯಲ್ಲಿ ಹೇಳಿ ಅಥವಾ ಸಹಿ ಮಾಡಿದ ಬರಹ ಕೊಟ್ಟು ಬಿಡಬಹುದು. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 230ನೇ ಕಲಮು ಅದು. ಹಾಗೆ ಬಿಟ್ಟವರು ಮತ್ತೆಂದೂ ಆ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ಸಾಚಾ ಎಂಬ ಕೋರ್ಟಿನ ಮುದ್ರೆ, ಕೇಳುವಂತಿಲ್ಲ. ಪ್ರೊಬೇಟ್ ತೆಗೆದುಕೊಂಡು ಕೆಲಸ ಶುರು ಮಾಡಿದ ಮೇಲೆ ಮನಸ್ಸು ಬದಲಾದರೆ 301ನೇ ಕಲಮಿನಡಿ ಹೈಕೋರ್ಟಿಗೇ ಹೋಗಬೇಕು. ನಿಮ್ಮ ಹತ್ತಿರ ಪ್ರೊಬೇಟ್ ಆದೇಶವಿದ್ದರೆ ವಕೀಲರ ಬಳಿ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ.