ಡ್ರಮ್ಮಿನ ಪಕ್ಕ ನಿಂತವರಿಗೆ ಎಷ್ಟು ಹೇಳಬೇಕು?

ಕೊಡಗಿನ ತೋಟಗಳಲ್ಲಿ ಮಳೆಗೆ ಮುಂಚೆ ಕಾಳುಮೆಣಸಿಗೆ ರೋಗ ತಡೆಯಲು ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಕಾಲ ಬಂತು ಅಂದರೆ, ನನ್ನ ಮೇಜಿಗೆ ತಜ್ಞರಿಂದ ಒಂದು ತುಂಬಿದ ಪುಟ ಬರುತ್ತದೆ. ಬೆಳೆಗಾರರು ಫೋನಿನಲ್ಲಿ ಕೇಳುವ ಧ್ವನಿ ಮಾಹಿತಿ, ಎಸ್‌ಎಂಎಸ್ ಬರೆಯುವುದು ನನ್ನ ಕೆಲಸ. ಪುಟದ ಜೊತೆ ಒಂದು ಪ್ರಶ್ನೆಯೂ ಬರುತ್ತದೆ: "ಎಷ್ಟು ಪದಕ್ಕೆ ಇಳಿಸಬೇಕು, ಮೇಡಂ?"

ಪದದ ಲೆಕ್ಕದಿಂದ ಶುರು ಮಾಡಿದರೆ ಕೆಲಸ ಅಲ್ಲೇ ಕೆಡುತ್ತದೆ. ಏಕೆಂದರೆ ಆಗ ಎಲ್ಲರೂ ಮಾಡುವುದು ಒಂದೇ. ಹತ್ತು ವಿಷಯಗಳನ್ನೂ ಹಾಗೇ ಇಟ್ಟುಕೊಂಡು, ಪ್ರತಿಯೊಂದನ್ನೂ ಹಿಂಡುತ್ತಾರೆ. "ತಾಮ್ರಯುಕ್ತ ಶಿಲೀಂಧ್ರನಾಶಕ ದ್ರಾವಣವನ್ನು ಮುಂಗಾರುಪೂರ್ವ ಅವಧಿಯಲ್ಲಿ" ಅಂತ ಸಾಲು ಗಿಡ್ಡವಾಗುತ್ತದೆ, ಕಿವಿಗೆ ಮಾತ್ರ ಭಾರವಾಗುತ್ತದೆ. ಕಾಗದದಲ್ಲಿ ಕಣ್ಣು ಹಿಂದೆ ಹೋಗಿ ಮತ್ತೆ ಓದಬಲ್ಲದು, ಬೇಡದ್ದನ್ನು ಹಾರಿಸಬಲ್ಲದು. ಧ್ವನಿಯಲ್ಲಿ ಅದು ಆಗುವುದಿಲ್ಲ. ಬೇಕಾದ ಮಾತು ಕೊನೆಯಲ್ಲಿದ್ದರೆ ಅಲ್ಲಿವರೆಗೂ ಕೇಳಲೇಬೇಕು, ಅದು ಬರುವ ಹೊತ್ತಿಗೆ ಮೊದಲು ಕೇಳಿದ್ದು ಮರೆತಿರುತ್ತದೆ.

ನಾನು ಕೇಳಿಕೊಳ್ಳುವುದು ಬೇರೆ: ಇದನ್ನು ಕೇಳಿದವರು ಫೋನ್ ಇಟ್ಟ ತಕ್ಷಣ ಏನು ಮಾಡುತ್ತಾರೆ? ಆ ಕೆಲಸ ಮುಗಿಯುವವರೆಗೆ ಬೇಕಾದಷ್ಟೇ ಉತ್ತರದ ಉದ್ದ.

ಒಬ್ಬರು ತೋಟದಿಂದ ಕರೆ ಮಾಡಿದ್ದಾರೆ ಅಂದುಕೊಳ್ಳಿ. ಫೋನ್ ಸ್ಪೀಕರಿನಲ್ಲಿದೆ, ಎದುರಿಗೆ 200 ಲೀಟರಿನ ಡ್ರಮ್, ಕೈಯೆಲ್ಲ ಸುಣ್ಣ. ಶೇಕಡಾ 1ರ ಬೋರ್ಡೋಗೆ ಎಷ್ಟು ಹಾಕಬೇಕು ಅನ್ನುವುದು ಅವರ ಪ್ರಶ್ನೆ. ತಜ್ಞರ ಪುಟದಲ್ಲಿ ರೋಗದ ಹೆಸರು, ಅದು ಹರಡುವ ರೀತಿ, ಎರಡನೇ ಸಿಂಪಡಣೆ ಯಾವಾಗ, ಎಲ್ಲ ಇದೆ. ಎಲ್ಲವೂ ಸರಿ. ಆದರೆ ಆ ಗಳಿಗೆಗೆ ಬೇಕಾದದ್ದು ಇಷ್ಟು:

"200 ಲೀಟರಿಗೆ ಮೈಲುತುತ್ತು ಎರಡು ಕೆಜಿ, ಸುಣ್ಣ ಎರಡು ಕೆಜಿ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಅರ್ಧರ್ಧ ನೀರಿನಲ್ಲಿ ಕರಗಿಸಿ. ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಿರಿ, ಕಲಕುತ್ತಾ ಇರಿ."

ಮೂರೇ ಸಂಗತಿ. ಅದಕ್ಕಿಂತ ಜಾಸ್ತಿ ಹೇಳಿದರೆ ಒಂದು ಉದುರುತ್ತದೆ, ಯಾವುದು ಉದುರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಮೂರನೆಯದನ್ನು ತೆಗೆಯೋಣ ಅಂತ ಸಾಮಾನ್ಯವಾಗಿ ಸಲಹೆ ಬರುತ್ತದೆ, "ಅದು ಗೊತ್ತಿರುತ್ತೆ ಬಿಡಿ" ಅಂತ. ನಾನು ಒಪ್ಪುವುದಿಲ್ಲ. ತಿರುಗಾಮುರುಗಾ ಸುರಿದರೆ ಕಣ ದಪ್ಪವಾಗುತ್ತದೆ, ತಳದಲ್ಲಿ ಕೂರುತ್ತದೆ, ನಾಝಲ್ ಕಟ್ಟಿಕೊಳ್ಳುತ್ತದೆ. ಯಾವ ಮಾತು ಬಿಟ್ಟುಹೋದರೆ ನಷ್ಟವೋ ಅದನ್ನು ಎಷ್ಟೇ ಜಾಗ ಕಮ್ಮಿ ಇದ್ದರೂ ಉಳಿಸಬೇಕು. ರೋಗದ ವಿವರಣೆ ಹೋದರೆ ಅವತ್ತು ಯಾರಿಗೂ ತೊಂದರೆಯಿಲ್ಲ.

ಕತ್ತಿ ಪರೀಕ್ಷೆ? ಅದು ಬೇಕೇ ಬೇಕು, ಆದರೆ ಬೆರೆಸಿದ ಮೇಲೆ. ಹಾಗಾಗಿ ಅದನ್ನು ಎರಡನೇ ಉತ್ತರ ಮಾಡುತ್ತೇನೆ: "ಬೆರೆಸಿ ಆದ ಮೇಲೆ ಪರೀಕ್ಷೆ ಮಾಡಲು ಒಂದು ಒತ್ತಿ." ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಮೈಲುತುತ್ತಿನ ತಾಮ್ರ ಇನ್ನೂ ಉಳಿದಿದೆ, ಎಲೆ ಸುಡಬಹುದು. ಕೆಂಪು ಬರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಬೇಕು. ಕೆಲಸದಲ್ಲಿ ನಡುವೆ ಒಂದು ನಿಲುಗಡೆ ಇದ್ದರೆ ಉತ್ತರಕ್ಕೂ ಅಲ್ಲೇ ನಿಲುಗಡೆ ಇರಲಿ.

ಎಸ್‌ಎಂಎಸ್ ಇನ್ನೂ ಇಕ್ಕಟ್ಟು. ಇಂಗ್ಲಿಷಿಗೆ ಒಂದು ಸಂದೇಶದಲ್ಲಿ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ 70. ಅದೂ ನಾವು ಎಣಿಸುವ ಹಾಗಲ್ಲ. "ಮೈಲುತುತ್ತು" ನಮ್ಮ ಕಣ್ಣಿಗೆ ನಾಲ್ಕಕ್ಷರ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕವಾಗುವುದರಿಂದ ಫೋನಿಗೆ ಅದು ಹತ್ತು. 70 ದಾಟಿದರೆ ಸಂದೇಶ 67ರ ತುಂಡುಗಳಾಗುತ್ತದೆ. ತೋಟದಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವಾಗ ಒಂದು ತುಂಡು ತಡವಾಗಬಹುದು. ನಾನು ಕಳಿಸುವುದು ಹೀಗೆ:

```
200 ಲೀ: ತುತ್ತು 2, ಸುಣ್ಣ 2 ಕೆಜಿ. ತುತ್ತು ನೀರು ಸುಣ್ಣದ ನೀರಿಗೆ ಸುರಿಯಿರಿ
```

ಇದು 66ಕ್ಕೆ ಮುಗಿಯುತ್ತದೆ. ಬರೆಯುವವರು ಒಂದು ಕಡೆ ತುಂಬಾ ಎಚ್ಚರ ಇರಬೇಕು. ನಮ್ಮ ಮಾತಿನಲ್ಲಿ "ಬೇಡ", "ಬಾರದು" ಕೊನೆಗೆ ಬರುತ್ತದೆ. "ಮಳೆ ಬರುವ ಹಾಗಿದ್ದರೆ, ಎಲೆ ಒದ್ದೆ ಇದ್ದರೆ, ಇವತ್ತು ಸಿಂಪಡಿಸ..." ಅನ್ನುವಲ್ಲಿ ಕರೆ ಕಟ್ಟಾದರೆ ಅರ್ಥ ಎತ್ತ ಬೇಕಾದರೂ ಹೋಗಬಹುದು. ಅದಕ್ಕೇ ಬೇಡ ಅನ್ನುವ ಮಾತನ್ನು ಚಿಕ್ಕ ವಾಕ್ಯ ಮಾಡಿ ಮೊದಲೇ ಇಡುತ್ತೇನೆ: "ಇವತ್ತು ಹೊಡೆಯಬೇಡಿ. ಎಲೆ ಒದ್ದೆ ಇದೆ."

ಎಲ್ಲಕ್ಕೂ ಚಿಕ್ಕ ಉತ್ತರ ಸರಿ ಅಂತ ನಾನು ಹೇಳುತ್ತಿಲ್ಲ. ಹೊಡೆದ ಮೇಲೆ ಎಲೆ ಸುಟ್ಟಿದೆ ಅಂತ ಕರೆ ಬಂದರೆ ಮೂರು ವಾಕ್ಯ ಸಾಲುವುದಿಲ್ಲ. ಸುಣ್ಣ ಹಳೆಯದಾ, ನಿನ್ನೆಯ ದ್ರಾವಣವಾ, ಕತ್ತಿ ಪರೀಕ್ಷೆ ಆಯಿತಾ ಅಂತ ಒಂದೊಂದಾಗಿ ಕೇಳಬೇಕು, ಅದಕ್ಕೆ ಮನುಷ್ಯರೇ ಮಾತಾಡಬೇಕು. ಅಂಥ ಕರೆಗೆ ರೆಕಾರ್ಡ್ ಮಾಡಿದ ಉತ್ತರ ಇಡಬೇಡಿ ಅಂತಲೇ ನಾನು ಹೇಳುವುದು.

ಉಳಿದದ್ದಕ್ಕೆ ಒಂದು ಪರೀಕ್ಷೆ ಇದೆ. ಬರೆದದ್ದನ್ನು ತೋಟದ ಕೆಲಸ ಗೊತ್ತಿರುವ ಒಬ್ಬರಿಗೆ ಒಂದೇ ಸಲ ಓದಿ ಹೇಳಿ. ಕೊಡಗಿನಲ್ಲಿ ಮನೆಮಾತು ಕನ್ನಡ ಅಲ್ಲದವರು ಬಹಳ, ಅಂಥವರು ಸಿಕ್ಕರೆ ಇನ್ನೂ ಒಳ್ಳೆಯದು. "ಈಗ ಏನೇನು ಮಾಡ್ತೀರಿ, ಹೇಳಿ" ಅಂತ ಕೇಳಿ. ಅವರು ಅಳತೆ ಹೇಳುವುದನ್ನು ಮರೆತರೆ ಉತ್ತರ ಉದ್ದವಾಗಿದೆ. "ಯಾವುದನ್ನ ಯಾವುದಕ್ಕೆ ಸುರೀಬೇಕು?" ಅಂತ ಅವರೇ ತಿರುಗಿ ಕೇಳಿದರೆ, ನೀವು ತೆಗೆಯಬಾರದ್ದನ್ನು ತೆಗೆದಿದ್ದೀರಿ.