ಐದರಲ್ಲಿ ಮೂರು ಗೆದ್ದರೂ ರೇಟಿಂಗ್ ಇಳಿದದ್ದು ಹೇಗೆ?

ಶಿರಸಿಯ ನನ್ನ ಚೆಸ್ ತರಗತಿಯ ಕಪಾಟಿನಲ್ಲಿ ಒಂದು ಡಬ್ಬಿ ತುಂಬ ಹುಣಿಸೆ ಬೀಜ ಇಟ್ಟುಕೊಂಡಿದ್ದೇನೆ. ರೇಟಿಂಗ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ಆ ಡಬ್ಬಿ ಹೊರಗೆ ಬರುತ್ತದೆ. ದಸರಾ ರಜೆ ಮುಗಿದ ಮೇಲಿನ ಮೊದಲ ಭಾನುವಾರ ಅದನ್ನು ತೆಗೆಯಲೇಬೇಕಾಯಿತು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವ ಅಪ್ಪ-ಮಗಳು ಇಬ್ಬರ ಮುಖವೂ ಸಪ್ಪಗಿತ್ತು.

ಇಬ್ಬರೂ ಕಾರವಾರದ ಒಂದು ಪಂದ್ಯಾವಳಿಯಲ್ಲಿ ಆಡಿ ಬಂದಿದ್ದರು. ಒಂಬತ್ತು ರೌಂಡ್, ನಿಧಾನವಾಗಿ ಆಡುವ ಕ್ಲಾಸಿಕಲ್ ಆಟ. ಇಬ್ಬರ ರೇಟಿಂಗೂ 1600. ಇಬ್ಬರಿಗೂ ಬಂದದ್ದು ಒಂಬತ್ತರಲ್ಲಿ ಆರು ಪಾಯಿಂಟ್. ಮಗಳಿಗೆ ಅವಳ ವಯಸ್ಸಿನ ವಿಭಾಗದಲ್ಲಿ ಟ್ರೋಫಿಯೂ ಸಿಕ್ಕಿತ್ತು. ಆದರೆ ಅಪ್ಪನ ರೇಟಿಂಗ್ ಏಳು ಅಂಕ ಏರಿತ್ತು, ಮಗಳದ್ದು ಇಪ್ಪತ್ತೈದು ಇಳಿದಿತ್ತು.

"ಇದೆಂಥ ಲೆಕ್ಕ ಸರ್? ಟ್ರೋಫಿ ತಂದವಳಿಗೆ ಇಳಿತ, ಬರಿಗೈಲಿ ಬಂದ ನನಗೆ ಏರಿಕೆ. ಎಲ್ಲೋ ತಪ್ಪು ಬಿದ್ದಿರ್ಬೇಕು, ನೀವೊಂದು ಸಲ ಕೇಳಿ ನೋಡಿ" ಅಂದರು ಅಪ್ಪ.

ತಪ್ಪೇನೂ ಆಗಿರಲಿಲ್ಲ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು. ಹೊಸಬರಲ್ಲಿ ಹೆಚ್ಚಿನವರು ರೇಟಿಂಗ್ ಅಂದರೆ ಗೆದ್ದರೆ ಇಷ್ಟು, ಸೋತರೆ ಇಷ್ಟು ಎಂದು ಕೊಡುವ ಮಾರ್ಕು ಅಂದುಕೊಂಡಿರುತ್ತಾರೆ. ಗೆದ್ದದ್ದೆಷ್ಟು ಎಂಬುದಷ್ಟೇ ಅಲ್ಲಿ ಲೆಕ್ಕವಲ್ಲ. ಎದುರಿಗೆ ಕೂತವರು ಯಾರು, ಅವರ ವಿರುದ್ಧ ನೀವು ಎಷ್ಟು ಗಳಿಸಬೇಕಿತ್ತು, ಗಳಿಸಿದ್ದೆಷ್ಟು ಎಂಬ ವ್ಯತ್ಯಾಸವೇ ಲೆಕ್ಕ. ಈ ಕ್ರಮವನ್ನು ರೂಪಿಸಿದವರು ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಈಲೋ. ಅದಕ್ಕೇ ಇದನ್ನು ಈಲೋ ರೇಟಿಂಗ್ ಅನ್ನುತ್ತಾರೆ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಇದನ್ನು 1970ರಲ್ಲಿ ಒಪ್ಪಿಕೊಂಡಿತು.

ಈಗ ಬೀಜದ ಡಬ್ಬಿಗೆ ಬರೋಣ.

ಮಗಳನ್ನು ಬೋರ್ಡಿನ ಒಂದು ಬದಿಗೆ ಕೂರಿಸಿದೆ. ಎದುರು ಬದಿಯಲ್ಲಿ 1400 ರೇಟಿಂಗಿನವರು ಒಬ್ಬರು ಕೂತಿದ್ದಾರೆ ಎಂದಿಟ್ಟುಕೊಂಡೆವು. ಒಂದು ಬೀಜ ಅಂದರೆ ಒಂದು ರೇಟಿಂಗ್ ಅಂಕ. ಆಟ ಶುರುವಾಗುವ ಮೊದಲು ಇಬ್ಬರೂ ಸೇರಿ ನಡುವೆ ನಲವತ್ತು ಬೀಜ ಇಡಬೇಕು. ಯಾರು ಎಷ್ಟು? ಇಬ್ಬರೂ ಸಮಬಲರಾಗಿದ್ದರೆ ಇಪ್ಪತ್ತು-ಇಪ್ಪತ್ತು. ಇಲ್ಲಿ ಮಗಳು ಇನ್ನೂರು ಅಂಕ ಮೇಲಿದ್ದಾಳೆ. ಇಷ್ಟು ಅಂತರ ಇರುವ ಇಬ್ಬರು ನೂರು ಆಟ ಆಡಿದರೆ ಮೇಲಿನವರಿಗೆ ಸುಮಾರು 76 ಪಾಯಿಂಟ್, ಕೆಳಗಿನವರಿಗೆ 24 ಪಾಯಿಂಟ್ ಬರಬೇಕು ಎಂದು ಈಲೋ ಅವರ ಲೆಕ್ಕ ಹೇಳುತ್ತದೆ. ಗೆಲುವಿಗೆ ಒಂದು, ಡ್ರಾಗೆ ಅರ್ಧ. ಹಾಗಾಗಿ ಮಗಳು ನಲವತ್ತರ ನೂರಕ್ಕೆ 76 ಪಾಲು, ಅಂದರೆ ಮೂವತ್ತು ಬೀಜ ಇಡಬೇಕು. ಎದುರಿನವರು ಇಡುವುದು ಹತ್ತೇ.

ಗೆದ್ದವರು ನಲವತ್ತನ್ನೂ ಬಾಚಿಕೊಳ್ಳುತ್ತಾರೆ. ಮಗಳು ಗೆದ್ದರೆ ತನ್ನ ಮೂವತ್ತು ವಾಪಸ್ ಬಂದು, ಮೇಲೆ ಹತ್ತು ಸಿಗುತ್ತದೆ. ಸೋತರೆ ಮೂವತ್ತೂ ಹೋಯಿತು. ಡ್ರಾ ಆದರೆ ಇಬ್ಬರಿಗೂ ಇಪ್ಪತ್ತಿಪ್ಪತ್ತು. ಮೂವತ್ತು ಇಟ್ಟ ಮಗಳಿಗೆ ಇಪ್ಪತ್ತು ಬಂದರೆ ಹತ್ತು ನಷ್ಟ. ದುರ್ಬಲರ ವಿರುದ್ಧ ಡ್ರಾ ಮಾಡಿಕೊಂಡರೂ ರೇಟಿಂಗ್ ಇಳಿಯುವುದು ಹೀಗೆ. ಇದನ್ನು ನೋಡಿದಾಗ ಅಪ್ಪ ಬಗ್ಗಿ, ಬೀಜಗಳನ್ನು ಮತ್ತೊಮ್ಮೆ ತಾವೇ ಎಣಿಸಿದರು.

ಬೇರೆ ಅಂತರಗಳಿಗೂ ಪಾಲು ಗೊತ್ತುಮಾಡಿದ ಕೋಷ್ಟಕವನ್ನು ಫಿಡೆ ಪ್ರಕಟಿಸಿದೆ. ನೂರು ಅಂಕದ ಅಂತರವಾದರೆ ಮೇಲಿನವರದ್ದು ನೂರಕ್ಕೆ 64. ನೂರೈವತ್ತಾದರೆ 70. ನಾನೂರಾದರೆ 92. ಇವನ್ನು ಬಾಯಿಪಾಠ ಮಾಡಬೇಕಿಲ್ಲ, ಅಂತರ ಹೆಚ್ಚಿದಷ್ಟೂ ಮೇಲಿನವರು ಹೆಚ್ಚು ಬೀಜ ಇಡಬೇಕು ಎಂಬುದು ನೆನಪಿದ್ದರೆ ಸಾಕು.

ಈಗ ಕಾರವಾರದ ಆಟಗಳು. ಒಂಬತ್ತರಲ್ಲಿ ನಾಲ್ಕು ಆಟಗಳಲ್ಲಿ ಮಗಳ ಎದುರಾಳಿಗಳಿಗೆ ರೇಟಿಂಗೇ ಇರಲಿಲ್ಲ. ಆ ಆಟಗಳು ಟ್ರೋಫಿಗೆ ಲೆಕ್ಕ, ಅವಳ ರೇಟಿಂಗಿಗೆ ಅಲ್ಲ. ಎದುರಾಳಿ ಬಾರದೆ ಸಿಕ್ಕ ಪಾಯಿಂಟೂ ಹಾಗೇ. ನಮ್ಮ ಕಡೆಯ ಪಂದ್ಯಾವಳಿಗಳಲ್ಲಿ ರೇಟಿಂಗ್ ಇಲ್ಲದವರು ಬಹಳ ಜನ ಇರುವುದರಿಂದ ಎಷ್ಟೋ ಮಂದಿ ಇಲ್ಲೇ ಲೆಕ್ಕ ತಪ್ಪುತ್ತಾರೆ. ಮಗಳು ಆ ನಾಲ್ಕರಲ್ಲಿ ಮೂರು ಗೆದ್ದಿದ್ದಳು, ಅದರಿಂದ ಒಂದು ಬೀಜವೂ ಬರಲಿಲ್ಲ.

ಉಳಿದ ಐದರಲ್ಲಿ ಮೂವರು 1400ರವರು, ಒಬ್ಬರು 1450, ಒಬ್ಬರು 1500. ವಿವರ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಹೇಳುತ್ತಿದ್ದೇನೆ. 1400ರ ಇಬ್ಬರನ್ನು ಸೋಲಿಸಿದಳು: ಒಂದೊಂದಕ್ಕೆ 9.6ರಂತೆ ಬಂತು. 1450ರವರನ್ನು ಸೋಲಿಸಿದಳು: 12 ಬಂತು. ಮೂರು ಗೆಲುವಿಗೆ ಒಟ್ಟು 31.2. ಮತ್ತೆ 1500ರವರಿಗೆ ಸೋತಳು: 25.6 ಹೋಯಿತು. ಕೊನೆಯ 1400ರ ಹುಡುಗನಿಗೆ ಸೋತಳು: 30.4 ಹೋಯಿತು. ಎರಡು ಸೋಲಿಗೆ ಒಟ್ಟು 56. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ 24.8 ನಷ್ಟ. 1600 ಇದ್ದದ್ದು 1575 ಆಯಿತು.

ಒಟ್ಟಿಗೇ ನೋಡಿದರೂ ಅದೇ ಉತ್ತರ. ಆ ಐವರ ವಿರುದ್ಧ ಅವಳು 3.62 ಪಾಯಿಂಟ್ ಗಳಿಸಬೇಕು ಎಂಬುದು ನಿರೀಕ್ಷೆ. ಗಳಿಸಿದ್ದು 3. ಕೊರತೆ 0.62. ಅದನ್ನು ನಲವತ್ತರಿಂದ ಗುಣಿಸಿದರೆ 24.8. ಪಂದ್ಯಾವಳಿಯ ತೀರ್ಪುಗಾರರಾದ ಆರ್ಬಿಟರ್‌ಗಳು ಮಾಡುವುದೂ ಇದನ್ನೇ.

ಅಪ್ಪನ ಐದು ಆಟಗಳು ಬೇರೆ ದಾರಿ ಹಿಡಿದಿದ್ದವು. ಅವರಿಗೆ ಸಿಕ್ಕ ರೇಟಿಂಗಿನ ಎದುರಾಳಿಗಳು 1800ರ ಇಬ್ಬರು, 1750, 1700, ಮತ್ತೆ ಅವರಷ್ಟೇ ಇದ್ದ 1600ರವರೊಬ್ಬರು. ಇವರ ವಿರುದ್ಧ ನಿರೀಕ್ಷೆ ಬರೀ 1.64. ಅಪ್ಪ ಒಂದು ಗೆದ್ದು, ಎರಡು ಡ್ರಾ ಮಾಡಿ, ಎರಡು ಸೋತು 2 ಪಾಯಿಂಟ್ ಮಾಡಿದ್ದರು. 0.36 ಹೆಚ್ಚು. ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ, ಆದರೂ ಏರಿಕೆ.

"ಹಾಗಾದ್ರೆ 0.36ಕ್ಕೆ ನಲವತ್ತರ ಲೆಕ್ಕದಲ್ಲಿ ಹದಿನಾಲ್ಕು ಬರ್ಬೇಕಿತ್ತಲ್ಲ, ಏಳೇ ಯಾಕೆ?" ಎಂದಳು ಮಗಳು. ಚುರುಕು ಹುಡುಗಿ.

ಡಬ್ಬಿಯ ಗಾತ್ರ, ಅಂದರೆ ನಡುವೆ ಇಡುವ ಬೀಜದ ಲೆಕ್ಕ, ಎಲ್ಲರಿಗೂ ಒಂದೇ ಅಲ್ಲ. ಚೆಸ್‌ನವರು ಅದನ್ನು ಕೆ ಎನ್ನುತ್ತಾರೆ. ಹೊಸದಾಗಿ ರೇಟಿಂಗ್ ಪಡೆದವರಿಗೆ ಮೊದಲ ಮೂವತ್ತು ಆಟ ಮುಗಿಯುವ ತನಕ 40. ಹದಿನೆಂಟರೊಳಗಿನ ಮಕ್ಕಳಿಗೂ, ರೇಟಿಂಗ್ 2300ರ ಕೆಳಗಿರುವ ತನಕ, 40. ಉಳಿದ ನಮ್ಮಂಥವರಿಗೆ 20. ಒಮ್ಮೆ 2400 ಮುಟ್ಟಿದವರಿಗೆ 10. ಬೆಳೆಯುವ ಮಕ್ಕಳ ಆಟ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಸಂಖ್ಯೆ ಅದರ ಹಿಂದೆ ಬೇಗ ಓಡಬೇಕು. ಐವತ್ತು ದಾಟಿದ ನನ್ನ ಆಟ ಹಾಗೆ ಬದಲಾಗುವುದಿಲ್ಲ. ಆದ್ದರಿಂದ ನನಗೂ ಒಬ್ಬ ಹುಡುಗನಿಗೂ ಆಟ ನಡೆದರೆ ನಡುವೆ ಇರುವುದು ಒಂದೇ ಡಬ್ಬಿಯಲ್ಲ. ಅವನು ನಲವತ್ತರ ಡಬ್ಬಿಯಲ್ಲಿ ಆಡುತ್ತಾನೆ, ನಾನು ಇಪ್ಪತ್ತರದ್ದರಲ್ಲಿ. ಸಮಬಲರಾಗಿದ್ದು ಅವನು ಗೆದ್ದರೆ ಅವನಿಗೆ ಇಪ್ಪತ್ತು ಬರುತ್ತದೆ, ನನ್ನಿಂದ ಹೋಗುವುದು ಹತ್ತು. ಈ ಕೆ ಕ್ಲಾಸಿಕಲ್ ಆಟದ್ದು. ಬೇಗ ಮುಗಿಯುವ ಆಟಗಳಾದ ರ್‍ಯಾಪಿಡ್ ಮತ್ತು ಬ್ಲಿಟ್ಜ್‌ಗೆ ಬೇರೆ ಬೇರೆ ರೇಟಿಂಗ್ ಇದೆ.

ಇದನ್ನೆಲ್ಲ ನೀವೇ ಪರೀಕ್ಷಿಸಬಹುದು. `chess-results.com` ತಾಣದಲ್ಲಿ ನಿಮ್ಮ ಪಂದ್ಯಾವಳಿ ತೆರೆದು ನಿಮ್ಮ ಹೆಸರು ಒತ್ತಿದರೆ ಒಂದೊಂದು ರೌಂಡಿನ ಸಾಲು ಬರುತ್ತದೆ. `we` ಎಂಬಲ್ಲಿರುವುದು ನಿರೀಕ್ಷೆ, `w-we` ಎಂಬಲ್ಲಿರುವುದು ಗಳಿಸಿದ್ದರಲ್ಲಿ ನಿರೀಕ್ಷೆ ಕಳೆದದ್ದು. ಅದಕ್ಕೆ `K` ಗುಣಿಸಿದರೆ `rtg+/-` ಸಿಗುತ್ತದೆ. ತಪ್ಪು ಆಗುವುದಿದ್ದರೆ ಹೆಚ್ಚಾಗಿ `K` ಇರುವಲ್ಲೇ. ಮಗುವಿನ ಹುಟ್ಟಿದ ವರ್ಷ ತಪ್ಪಾಗಿ ದಾಖಲಾಗಿದ್ದರೆ ಅಲ್ಲಿ 40ರ ಬದಲು 20 ಕಾಣಬಹುದು. ಹಾಗಿದ್ದರೆ ಪಂದ್ಯಾವಳಿ ಮುಗಿಯುವ ಮೊದಲೇ ಆರ್ಬಿಟರ್‌ಗೆ ತಿಳಿಸಿ.

ಆ ತಾಣದಲ್ಲಿ ಕಂಡ ತಕ್ಷಣ ರೇಟಿಂಗ್ ಬದಲಾಯಿತು ಎಂದೂ ಅಲ್ಲ. ಫಿಡೆಯ ಪಟ್ಟಿ ಬರುವುದು ಪ್ರತಿ ತಿಂಗಳ ಒಂದನೇ ತಾರೀಕು. ಅಲ್ಲಿಯ ತನಕ ಮಗಳ ರೇಟಿಂಗ್ 1600 ಎಂದೇ ಇರುತ್ತದೆ, ಪಂದ್ಯಾವಳಿಯ ಒಂಬತ್ತೂ ರೌಂಡಿಗೆ ಅದೇ ಸಂಖ್ಯೆಯಿಂದ ಲೆಕ್ಕ. ಮೊಬೈಲಿನಲ್ಲಿ ಆಡುವಾಗ ಆಟ ಮುಗಿದ ಕ್ಷಣವೇ ಅಂಕ ಜಿಗಿಯುತ್ತದಲ್ಲ, ಅದು ಬೇರೆ ಲೋಕ. ಅಲ್ಲಿ ಗ್ಲಿಕೋ ಎಂಬ ಕ್ರಮವಿದೆ. ಈ ಆಟಗಾರನ ಸಂಖ್ಯೆ ಎಷ್ಟು ನಂಬಬಹುದು ಎಂಬುದನ್ನೂ ಅದು ಅಳೆಯುತ್ತದೆ. ಹೊಸ ಖಾತೆಗೆ ಮೊದಲ ಕೆಲವು ಆಟಗಳಲ್ಲಿ ನೂರಾರು ಅಂಕ ಏರುಪೇರಾಗುವುದು ಅದಕ್ಕೇ. ಆ ಸಂಖ್ಯೆಯನ್ನು ಫಿಡೆ ರೇಟಿಂಗಿನ ಪಕ್ಕ ಇಟ್ಟು ಹೋಲಿಸಬೇಡಿ, ಎರಡರಲ್ಲೂ ಆಡುವ ಜನವೇ ಬೇರೆ.

ರೇಟಿಂಗೇ ಇಲ್ಲದವರಿಗೆ ಒಂದು ಮಾತು. ರೇಟಿಂಗ್ ಇರುವ ಕನಿಷ್ಠ ಐವರ ಜೊತೆ ಆಡಿರಬೇಕು, ಲೆಕ್ಕ ಹಾಕಿದಾಗ ಬಂದ ಸಂಖ್ಯೆ 1400 ಮುಟ್ಟಬೇಕು. ಆಗ ಹೆಸರು ಪಟ್ಟಿಗೆ ಸೇರುತ್ತದೆ. 2024ರ ಮಾರ್ಚ್‌ಗೆ ಮೊದಲು ಈ ಕೆಳಮಿತಿ 1000 ಇತ್ತು. ಅದನ್ನು ಏರಿಸಿದ ದಿನ 2000ಕ್ಕಿಂತ ಕೆಳಗಿದ್ದವರೆಲ್ಲರ ರೇಟಿಂಗನ್ನೂ ಒಂದೇ ಸೂತ್ರದಲ್ಲಿ ಮೇಲೆತ್ತಿದರು, 1200 ಇದ್ದದ್ದು 1520 ಆಯಿತು. ಹಳೆಯ ಅಂಕಪಟ್ಟಿ ತೋರಿಸಿ ಮಗು ಒಂದೇ ತಿಂಗಳಲ್ಲಿ ಮುನ್ನೂರು ಅಂಕ ಏರಿತು ಎಂದು ಯಾರಾದರೂ ಹೇಳಿದರೆ ತಾರೀಕು ನೋಡಿ.

ಇಷ್ಟೆಲ್ಲ ಆದ ಮೇಲೆ ಅಪ್ಪ ನಿಜವಾದ ಚಿಂತೆ ಹೇಳಿದರು. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಒಂದು ಓಪನ್ ಪಂದ್ಯಾವಳಿ ಇದೆ. ಬಹಳ ಗಟ್ಟಿ ಆಟಗಾರರು ಬರುತ್ತಾರೆ. "ಇನ್ನೂ ಕೆಳಗೆ ಹೋದ್ರೆ? ಈ ಸಲ ಬಿಟ್ಟು ಊರ ಪಂದ್ಯಾವಳಿಯಲ್ಲೇ ಆಡಿಸ್ತೆ ಸರ್."

ಇಂಥ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ರೇಟಿಂಗ್ ಉಳಿಸಲು ಆಟ ಬಿಡಿಸಿದ ಮಕ್ಕಳನ್ನು ನಾನು ಕಂಡಿದ್ದೇನೆ, ವರ್ಷ ಕಳೆದ ಮೇಲೆ ಅವರ ಬಳಿ ಉಳಿದದ್ದು ಹಳೆಯ ಸಂಖ್ಯೆ ಮಾತ್ರ. ಅದೂ ಅಲ್ಲದೆ, ಅಪ್ಪನ ಲೆಕ್ಕ ತಿರುಗುಮುರುಗಾಗಿತ್ತು. ಮಗಳ ಅಂಕ ತಿಂದವರು ಊರ ಪಂದ್ಯಾವಳಿಯ 1400, 1500ರವರು. ಅಲ್ಲಿ ಪ್ರತಿ ಆಟಕ್ಕೂ ಅವಳು ಮೂವತ್ತರ ಹತ್ತಿರ ಬೀಜ ಇಟ್ಟು ಹತ್ತರ ಆಸೆಗೆ ಆಡುತ್ತಾಳೆ.

ನಾನು ವಾದಕ್ಕೆ ಹೋಗದೆ ಡಬ್ಬಿಯನ್ನು ಮಗಳ ಕಡೆ ದೂಡಿದೆ. "ತಂಗಿ, ಮುಂದಿನ ತಿಂಗಳಿಗೆ ನೀನು 1575. ಹುಬ್ಬಳ್ಳಿಯಲ್ಲಿ ಮೊದಲ ರೌಂಡಿಗೆ 1800ರವರು ಸಿಕ್ಕರು ಅಂತಿಟ್ಕ. ನೀನು ಎಷ್ಟು ಇಡ್ಬೇಕು?"

ಅಂತರ 225. ಕೋಷ್ಟಕದ ಮೇಲೆ ಬೆರಳಿಟ್ಟು ನೋಡಿದಳು, ಕೆಳಗಿನವರ ಪಾಲು ನೂರಕ್ಕೆ 22. ನಲವತ್ತಕ್ಕೆ 8.8. ಒಂಬತ್ತು ಬೀಜ ಎಣಿಸಿ ತನ್ನ ಬದಿಯಲ್ಲಿಟ್ಟು, ಮೂವತ್ತೊಂದನ್ನು ಎದುರು ಬದಿಗೆ ಸರಿಸಿದಳು. ಆಮೇಲೆ ಎರಡೂ ಗುಡ್ಡೆಗಳನ್ನು ನೋಡಿ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಹೋದ್ರೆ ಒಂಬತ್ತೇ."